ಹೂವಿನಂಥ ಆಮ್ಲೆಟ್‌ಗೆ ಎರಡು ಮೊಟ್ಟೆ, ಸಣ್ಣ ಉರಿ, ಒಂದು ಮುಚ್ಚಳ

ನಮ್ಮ ಮನೆಗಳಲ್ಲಿ ಆಮ್ಲೆಟ್ ಎಂದರೆ ಸ್ಟೀಲ್ ಲೋಟಕ್ಕೆ ಮೊಟ್ಟೆ ಒಡೆದು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ, ಚಮಚದಲ್ಲಿ ಟಕಟಕ ಕದಡಿ, ಕಾದ ಕಾವಲಿಗೆ ಸುರಿಯುವುದು. ಅಂಚು ಗರಿಗರಿ, ನಡು ತೆಳು. ಆ ರುಚಿ ನನಗೂ ಇಷ್ಟವೇ. ಆದರೆ ಬೆರಳಲ್ಲಿ ಒತ್ತಿದರೆ ಇಡ್ಲಿಯ ಹಾಗೆ ತಗ್ಗಿ ಮೇಲೇಳುವ ಆಮ್ಲೆಟ್ ಬೇಕಾದರೆ ಕೆಲಸದ ಕ್ರಮವೇ ಬೇರೆ. ಫ್ರಾನ್ಸಿನ ಮಾಂ ಸ್ಯಾಂ ಮಿಶೆಲ್ ದ್ವೀಪದಲ್ಲಿ ಆನೆಟ್ ಪೂಲಾರ್ ಎಂಬಾಕೆ 1888ರಲ್ಲಿ ತೆರೆದ ಹೋಟೆಲಿಗೆ ಹೆಸರು ಬಂದದ್ದೇ ನೊರೆನೊರೆಯಾದ ಆಮ್ಲೆಟ್‌ನಿಂದ. ಅಲ್ಲಿ ತಾಮ್ರದ ಬೋಗುಣಿ, ಸೌದೆ ಒಲೆ. ನಮಗೆ 8 ಇಂಚಿನ ಸಾಮಾನ್ಯ ನಾನ್‌ಸ್ಟಿಕ್ ಪ್ಯಾನ್, ಅದಕ್ಕೆ ಸರಿಹೊಂದುವ ಒಂದು ಮುಚ್ಚಳ ಇದ್ದರೆ ಆಯಿತು.

ಆಮ್ಲೆಟ್ ಉಬ್ಬುವುದು ಒಳಗೆ ಸಿಕ್ಕಿಕೊಂಡ ಗಾಳಿಯಿಂದ. ಬಿಳಿಭಾಗವನ್ನು ಕಡೆದಾಗ ಅದರ ಪ್ರೋಟೀನ್ ಬಿಚ್ಚಿಕೊಂಡು, ಒಂದೊಂದು ಗಾಳಿಗುಳ್ಳೆಯ ಸುತ್ತಲೂ ತೆಳುವಾದ ಪೊರೆ ಕಟ್ಟುತ್ತದೆ. ಬಿಸಿ ತಾಗಿದಾಗ ಗುಳ್ಳೆ ಹಿಗ್ಗುತ್ತದೆ, ಪೊರೆ ಗಟ್ಟಿಯಾಗಿ ಅದನ್ನು ಹಾಗೆಯೇ ಹಿಡಿದಿಡುತ್ತದೆ. ಎಣ್ಣೆ, ಜಿಡ್ಡು ಸೇರಿದರೆ ಪೊರೆ ಸರಿಯಾಗಿ ಕಟ್ಟುವುದಿಲ್ಲ. ಹಳದಿಯಲ್ಲಿ ಕೊಬ್ಬಿದೆ. ಅದಕ್ಕೇ ಬಿಳಿ ಬೇರೆ, ಹಳದಿ ಬೇರೆ ಮಾಡಬೇಕು.

ಎರಡು ಮೊಟ್ಟೆಯ ಲೆಕ್ಕದಲ್ಲಿ ಮಾಡೋಣ. ಫ್ರಿಜ್‌ನಿಂದ ತೆಗೆದ ಕೂಡಲೇ ಒಡೆಯಿರಿ. ತಣ್ಣಗಿರುವಾಗ ಹಳದಿ ಬಿಗಿಯಾಗಿರುತ್ತದೆ, ಸುಲಭವಾಗಿ ಒಡೆಯುವುದಿಲ್ಲ. ಚಿಪ್ಪಿನ ಎರಡು ಹೋಳುಗಳ ನಡುವೆ ಹಳದಿಯನ್ನು ಆಚೀಚೆ ಉರುಳಿಸಿದರೆ ಬಿಳಿ ತಾನಾಗಿ ಕೆಳಗಿಳಿಯುತ್ತದೆ. ಪ್ರತಿ ಮೊಟ್ಟೆಯನ್ನೂ ಮೊದಲು ಒಂದು ಸಣ್ಣ ಬಟ್ಟಲಿನ ಮೇಲೆ ಒಡೆದು, ಆಮೇಲೆ ದೊಡ್ಡ ಪಾತ್ರೆಗೆ ಬಗ್ಗಿಸಿ. ಒಂದರ ಹಳದಿ ಒಡೆದು ಬೆರೆತರೂ ಇನ್ನೊಂದು ಉಳಿಯುತ್ತದೆ. ಪಾತ್ರೆ ಸ್ಟೀಲಿನದೋ ಗಾಜಿನದೋ ಆಗಿರಲಿ. ಪ್ಲಾಸ್ಟಿಕ್‌ಗೆ ಹಿಡಿದ ಜಿಡ್ಡು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಬಿಳಿಭಾಗಕ್ಕೆ ಎರಡು ಹನಿ ನಿಂಬೆರಸ ಹಿಂಡಿ, ತಂತಿಯ ಬೀಟರ್‌ನಿಂದ ಕಡೆಯಿರಿ. ಕೈಯಲ್ಲಾದರೆ ಮೂರು ನಾಲ್ಕು ನಿಮಿಷ ಹಿಡಿಯಬಹುದು, ತೋಳೂ ನೋಯುತ್ತದೆ. ಮೊದಲು ಸೋಪಿನ ನೊರೆಯಂಥ ದೊಡ್ಡ ಗುಳ್ಳೆಗಳು, ಆಮೇಲೆ ಹಾಲಿನ ಬಣ್ಣ, ಕೊನೆಗೆ ನುಣುಪಾದ ಹೊಳಪು. ಬೀಟರ್ ಎತ್ತಿದಾಗ ನೊರೆ ಕೊಕ್ಕಿನಂತೆ ಎದ್ದು, ತುದಿ ಮಾತ್ರ ಬಾಗಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಕಡೆದರೆ ನೊರೆ ತರಿತರಿಯಾಗಿ ಒಡೆದು ತಳದಲ್ಲಿ ನೀರು ಬಿಡುತ್ತದೆ. ಹಾಗಾದದ್ದನ್ನು ಸರಿಪಡಿಸುವುದು ಕಷ್ಟ.

ಹಳದಿಗೆ ಎರಡು ಚಿಟಿಕೆ ಉಪ್ಪು, ಸ್ವಲ್ಪ ಮೆಣಸಿನಪುಡಿ ಹಾಕಿ ಚಮಚದಲ್ಲಿ ಕಲಸಿ. ಖಾರದ ಪುಡಿಯಲ್ಲ, ಕಾಳುಮೆಣಸಿನದು. ಇದನ್ನು ನೊರೆಯ ಮೇಲೆ ಸುರಿದು, ತಳದಿಂದ ಮೇಲಕ್ಕೆ ಮೆಲ್ಲಗೆ ಮಗುಚುತ್ತಾ ಬನ್ನಿ. ಗರಗರ ತಿರುಗಿಸಿದರೆ ಅಷ್ಟು ಹೊತ್ತು ಕಡೆದು ತುಂಬಿದ ಗಾಳಿಯೆಲ್ಲ ಹೋಗುತ್ತದೆ. ಹತ್ತು ಹನ್ನೆರಡು ಸಲ ಮಗುಚಿದರೆ ಸಾಕು. ಅಲ್ಲಲ್ಲಿ ಬಿಳಿ ಗೆರೆ ಉಳಿದರೆ ಉಳಿಯಲಿ.

ಪ್ಯಾನನ್ನು ಮಾತ್ರ ಮೊದಲೇ ಒಲೆಯ ಮೇಲೆ ಇಟ್ಟಿರಬೇಕು, ಏಕೆಂದರೆ ಕಲಸಿದ ನೊರೆ ಕಾಯುವುದಿಲ್ಲ, ಇಳಿಯತೊಡಗುತ್ತದೆ. ಸಣ್ಣ ಬರ್ನರ್, ಸಣ್ಣ ಉರಿ, ಒಂದು ಚಮಚ ಬೆಣ್ಣೆ. ಬೆಣ್ಣೆ ಕರಗಿ ನೊರೆಯಾಗಿ, ಆ ನೊರೆ ಅಡಗುವ ಹೊತ್ತಿಗೆ ಸರಿಯಾದ ಬಿಸಿ ಬಂದಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದರೆ ಅತಿಯಾಯಿತೆಂದು ತಿಳಿದು ಪ್ಯಾನ್ ಕೆಳಗಿಳಿಸಿ. ನಿಮ್ಮ ಪ್ಯಾನ್ ತೀರಾ ತೆಳುವಾಗಿದ್ದರೆ ದೋಸೆಯ ಕಬ್ಬಿಣದ ಕಾವಲಿಯನ್ನು ಉರಿಯ ಮೇಲಿಟ್ಟು, ಅದರ ಮೇಲೆ ಪ್ಯಾನ್ ಇಡಿ. ಶಾಖ ನಡುವೆ ಚುರುಕಾಗಿ ಸುಡದೆ ಎಲ್ಲ ಕಡೆಗೂ ಹರಡುತ್ತದೆ.

ನೊರೆಯನ್ನು ಸುರಿದು, ಒತ್ತದೆ ಹರಡಿ, ಮುಚ್ಚಿ. ಈ ಮುಚ್ಚಳವೇ ತಿರುವಿಹಾಕುವ ಕೆಲಸವನ್ನು ತಪ್ಪಿಸುತ್ತದೆ. ಒಳಗಿನ ಹಬೆ ಮೇಲ್ಭಾಗವನ್ನು ಬೇಯಿಸುತ್ತದೆ. ಮೂರು ನಿಮಿಷದ ಹೊತ್ತಿಗೆ ಒಮ್ಮೆ ತೆಗೆದು ನೋಡಿ. ಅಂಚು ಪ್ಯಾನ್ ಬಿಟ್ಟಿರಬೇಕು, ಮೇಲಿನ ಹಸಿ ಹೊಳಪು ಹೋಗಿರಬೇಕು, ಬೆರಳು ತಾಗಿಸಿದರೆ ಅಂಟಬಾರದು. ಅಂಟಿದರೆ ಇನ್ನೊಂದು ನಿಮಿಷ. ತಳ ಕರಗಾಗಿ ಮೇಲೆ ಇನ್ನೂ ಹಸಿಯಿದ್ದರೆ ಉರಿ ಹೆಚ್ಚಾಗಿತ್ತು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಕೊಡುವಾಗ ನಡುಭಾಗವೂ ಪೂರ್ತಿ ಬೇಯಲಿ.

ಈರುಳ್ಳಿ, ಹಸಿಮೆಣಸಿನಕಾಯಿ ಇಲ್ಲದೆ ಸಪ್ಪೆ ಅನ್ನಿಸುವವರು ಅವನ್ನು ನೊರೆಗೆ ಬೆರೆಸಬಾರದು. ಅವುಗಳ ನೀರು, ಭಾರ ಎರಡೂ ನೊರೆಯನ್ನು ಕೂರಿಸುತ್ತವೆ. ಬೇರೆಯಾಗಿ ನೀರಾರುವವರೆಗೆ ಹುರಿದುಕೊಂಡು, ಬೆಂದ ಆಮ್ಲೆಟ್‌ನ ಅರ್ಧಕ್ಕೆ ಹರಡಿ, ಸಟ್ಟುಗದಿಂದ ಉಳಿದರ್ಧವನ್ನು ಅದರ ಮೇಲೆ ಮಡಚಿ. ತಟ್ಟೆಗೆ ಜಾರಿಸಿದ ಮೇಲೆ ಆಮ್ಲೆಟ್ ಸ್ವಲ್ಪ ತಗ್ಗುತ್ತದೆ. ಗುಳ್ಳೆಯೊಳಗಿನ ಗಾಳಿ ಆರಿದಂತೆ ಕುಗ್ಗುವುದರಿಂದ ಹಾಗಾಗುತ್ತದೆ, ಅದು ನಿಮ್ಮ ತಪ್ಪಲ್ಲ. ನಾಲ್ಕು ಜನರಿಗೆ ಮಾಡುವಾಗಲೂ ಈ ಪ್ಯಾನಿಗೆ ಎರಡೇ ಮೊಟ್ಟೆ ಹಾಕಿ, ಮುಂದಿನ ಬಿಳಿಭಾಗವನ್ನು ಮೊದಲನೆಯದು ತಟ್ಟೆಗೆ ಬಂದ ಮೇಲೆಯೇ ಕಡೆಯಿರಿ.