ಹದಿಮೂರನೇ ರೀಚಾರ್ಜ್‌ನ ಲೆಕ್ಕ

ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ತಿಂಗಳಿಗೆ 28 ದಿನ. ವರ್ಷದ 365 ದಿನಗಳನ್ನು 28ರಿಂದ ಭಾಗಿಸಿದರೆ ಹದಿಮೂರು ಬರುತ್ತದೆ, ಹನ್ನೆರಡಲ್ಲ. ಹಾಗಾಗಿ ‘ತಿಂಗಳ ಪ್ಲಾನ್’ ಹಾಕಿಸುವವರು ವರ್ಷಕ್ಕೆ ಹದಿಮೂರು ಸಲ ದುಡ್ಡು ಕಟ್ಟುತ್ತಾರೆ. ಇದಕ್ಕೆ ದೂರುಗಳು ಬಂದ ಮೇಲೆ ಟ್ರಾಯ್ 2022ರ ಜನವರಿಯಲ್ಲಿ, 30 ದಿನದ್ದೊಂದು ಪ್ಲಾನ್ ಮತ್ತು ಪ್ರತಿ ತಿಂಗಳೂ ಅದೇ ತಾರೀಖಿಗೆ ಮುಗಿಯುವ ಮತ್ತೊಂದು ಪ್ಲಾನ್ ಇಡಲೇಬೇಕೆಂದು ಎಲ್ಲ ಕಂಪನಿಗಳಿಗೆ ಆದೇಶಿಸಿತು. ಆದರೂ ಅಂಗಡಿಯಲ್ಲಿ ಹೆಚ್ಚು ಓಡುವುದು ಇಂದಿಗೂ 28 ದಿನದ್ದೇ.

ಮನೆಗೆ ಬರುವ ಬಿಲ್ಲುಗಳ ಲೆಕ್ಕ ತಪ್ಪುವುದು ಇಂಥ ಕಡೆಯೇ. ಮೊಬೈಲ್‌ಗೆ 28 ಅಥವಾ 84 ದಿನ, ಬ್ರಾಡ್‌ಬ್ಯಾಂಡ್‌ಗೆ ತಿಂಗಳು, ಒಟಿಟಿಗೆ ಮೂರು ತಿಂಗಳು ಇಲ್ಲವೇ ವರ್ಷ. ಅಳತೆಗೋಲು ಬೇರೆ ಬೇರೆ ಇರುವಾಗ ಯಾವುದು ಅಗ್ಗ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಆದ್ದರಿಂದ ಮೊದಲ ಕೆಲಸ ಎಲ್ಲವನ್ನೂ 365 ದಿನಕ್ಕೆ ತರುವುದು: ದರವನ್ನು ವ್ಯಾಲಿಡಿಟಿಯ ದಿನಗಳಿಂದ ಭಾಗಿಸಿ, 365ರಿಂದ ಗುಣಿಸಿ. ಬ್ರಾಡ್‌ಬ್ಯಾಂಡ್‌ಗೆ ಮಾತ್ರ ಇನ್ನೊಂದು ಹೆಜ್ಜೆ ಇದೆ. ಪ್ರೀಪೇಯ್ಡ್ ರೀಚಾರ್ಜ್ ದರದಲ್ಲಿ ಜಿಎಸ್‌ಟಿ ಸೇರಿರುತ್ತದೆ; ಬ್ರಾಡ್‌ಬ್ಯಾಂಡ್ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಅಲ್ಲಿನ 799 ರೂಪಾಯಿ, 18% ತೆರಿಗೆ ಸೇರಿ ಬಿಲ್ಲಿನಲ್ಲಿ ಸುಮಾರು 943 ಆಗಿ ಬರುತ್ತದೆ.

ದಾವಣಗೆರೆಯಲ್ಲಿ ನಾಲ್ವರ ಮನೆಯೊಂದಿದೆ ಎಂದಿಟ್ಟುಕೊಳ್ಳೋಣ. ಅಪ್ಪನಿಗೆ ಹೊರಗಿನ ಕೆಲಸ, ಅಮ್ಮ ಹೆಚ್ಚಾಗಿ ಮನೆಯಲ್ಲೇ, ಮಗಳು ಕಾಲೇಜಿಗೆ ಹೋಗುತ್ತಾಳೆ, ಅಜ್ಜಿಯದು ಗುಂಡಿ ಒತ್ತುವ ಫೋನು. ನಾಲ್ಕೂ ಸಿಮ್‌ಗಳಿಗೆ 28 ದಿನಕ್ಕೊಮ್ಮೆ 299 ರೂಪಾಯಿ. ಮನೆಗೆ 799ರ, 100 ಎಂಬಿಪಿಎಸ್ ವೈಫೈ. ಜೊತೆಗೆ ತಿಂಗಳಿಗೆ 499ರ ನೆಟ್‌ಫ್ಲಿಕ್ಸ್, 299ರ ಪ್ರೈಮ್, ಮೂರು ತಿಂಗಳಿಗೆ 299ರ ಹಾಟ್‌ಸ್ಟಾರ್. ಇಲ್ಲಿನ ದರಗಳು 2025ರಲ್ಲಿ ಇದ್ದಂಥವು. ನೀವು ಓದುವ ಹೊತ್ತಿಗೆ ಬದಲಾಗಿರಬಹುದು, ಲೆಕ್ಕದ ದಾರಿ ಮಾತ್ರ ಅದೇ. ವರ್ಷಕ್ಕೆ ತಂದರೆ ಮೊಬೈಲ್‌ಗಳಿಗೆ 15,592, ವೈಫೈಗೆ 11,314, ಒಟಿಟಿಗಳಿಗೆ 10,772. ಒಟ್ಟು 37,678 ರೂಪಾಯಿ.

ಮೊದಲು ಅಜ್ಜಿಯ ಫೋನು. ಅವರ 299ರಲ್ಲಿ ದಿನಕ್ಕೆ ಒಂದೂವರೆ ಜಿಬಿ ಡೇಟಾ ಇದೆ; ಅದರಲ್ಲಿ ಒಂದು ಹನಿಯೂ ಖರ್ಚಾಗುವುದಿಲ್ಲ. ಇಂಥವರಿಗಾಗಿಯೇ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ಡೇಟಾ ಇಲ್ಲದೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಕಡ್ಡಾಯ ಮಾಡಿತು. ಮುಂದಿನ ತಿಂಗಳೇ ಅವು ಬಂದವು. ಜಿಯೊ ದರ 1,748, ಏರ್‌ಟೆಲ್ ದರ 1,849. ಜಿಯೊದ್ದು ನೂರು ರೂಪಾಯಿ ಅಗ್ಗವೆಂದು ತೋರುತ್ತದೆ, ಆದರೆ ಅದರ ವ್ಯಾಲಿಡಿಟಿ 336 ದಿನ, ಅಂದರೆ 28 ದಿನದ ಹನ್ನೆರಡು ಕಂತು. ಏರ್‌ಟೆಲ್‌ದು 365. ವರ್ಷಕ್ಕೆ ತಂದರೆ ಜಿಯೊದ್ದೇ 1,899 ಆಗಿ ಐವತ್ತು ರೂಪಾಯಿ ಹೆಚ್ಚು. ಆ ಐವತ್ತಕ್ಕಾಗಿ ನಂಬರ್ ಪೋರ್ಟ್ ಮಾಡಿಸುವ ಓಡಾಟ ಬೇಡ. ಅಜ್ಜಿ ಇದ್ದಲ್ಲೇ ಇದ್ದರೂ ವರ್ಷಕ್ಕೆ 1,999 ಉಳಿಯುತ್ತದೆ.

ಅಮ್ಮನ ಫೋನಿನ ಸಂಗತಿ ಬೇರೆ. ಅವರು ದಿನವೂ ವಿಡಿಯೊ ನೋಡುತ್ತಾರೆ, ಆದರೆ ಮನೆಯ ವೈಫೈನಲ್ಲಿ. ಸೆಟ್ಟಿಂಗ್ಸ್‌ನ ‘ಡೇಟಾ ಬಳಕೆ’ ಪುಟ ತೆರೆದರೆ ಮೊಬೈಲ್ ಡೇಟಾ ಮತ್ತು ವೈಫೈ ಬೇರೆ ಬೇರೆಯಾಗಿ ಕಾಣುತ್ತವೆ. ಮೊಬೈಲ್ ಡೇಟಾ ತಿಂಗಳಿಗೆ ಎರಡು ಜಿಬಿ ದಾಟದಿದ್ದರೆ ದಿನದ ಡೇಟಾ ಪ್ಲಾನ್ ಅವರಿಗೆ ಬೇಕಿಲ್ಲ. ವರ್ಷಕ್ಕೆಲ್ಲ ಸೇರಿ 30 ಜಿಬಿ ಕೊಡುವ ಏರ್‌ಟೆಲ್‌ನ 2,249ರ ಪ್ಲಾನ್‌ನಂಥದು ಸಾಕು, ಉಳಿಕೆ 1,649. ಇದಕ್ಕೆ ಅವರ ನಂಬರ್ ಪೋರ್ಟ್ ಆಗಬೇಕು. ಹೊಸ ಕಂಪನಿಯ ಸಿಗ್ನಲ್ ಅಡುಗೆಮನೆಯಲ್ಲಿ, ಅಮ್ಮ ಹೋಗಿಬರುವ ಊರಿನಲ್ಲಿ ಸಿಗುತ್ತದೆಯೇ ಎಂದು ನೆಂಟರೊಬ್ಬರ ಫೋನಿನಲ್ಲಿ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಪೋರ್ಟ್ ಆದ ಮೇಲೆ 90 ದಿನ ಆ ಕಂಪನಿ ಬಿಡುವ ಹಾಗಿಲ್ಲ, ವರ್ಷಕ್ಕೆ ಕಟ್ಟಿದ ದುಡ್ಡೂ ವಾಪಸ್ ಬರುವುದಿಲ್ಲ.

ಅಪ್ಪನಿಗೂ ಮಗಳಿಗೂ ದಿನದ ಡೇಟಾ ಬೇಕೇ ಬೇಕು. ಅವರು ಅಷ್ಟೇ ಡೇಟಾದ 84 ದಿನದ 799ಕ್ಕೆ ಹೋದರೆ ತಲಾ 426 ಉಳಿಯುತ್ತದೆ. ‘ವರ್ಷದ ಪ್ಲಾನ್ ಯಾವಾಗಲೂ ಅಗ್ಗ’ ಎಂಬ ನಂಬಿಕೆ ಇಲ್ಲಿ ಮುರಿಯುತ್ತದೆ: ಅದೇ ಕಂಪನಿಯ 3,599ರ ವರ್ಷದ ಪ್ಲಾನ್ ದಿನಕ್ಕೆ 9 ರೂಪಾಯಿ 86 ಪೈಸೆ, 84 ದಿನದ್ದು 9 ರೂಪಾಯಿ 51 ಪೈಸೆ. ವರ್ಷದ್ದರಲ್ಲಿ ಡೇಟಾ ಹೆಚ್ಚು ಸಿಗುತ್ತದೆ ನಿಜ. ಅದು ಬೇಕಿದ್ದವರಿಗೆ ಮಾತ್ರ ಅದು ಲಾಭ. ವರ್ಷದ ಪ್ಲಾನ್‌ಗೆ ಇನ್ನೊಂದು ಅನುಕೂಲವೂ ಉಂಟು. 2024ರ ಜುಲೈನಲ್ಲಿ ದರ ಏರುವ ಮುಂಚೆ ವರ್ಷಕ್ಕೆ ಹಾಕಿಸಿಕೊಂಡಿದ್ದವರಿಗೆ ಆ ಏರಿಕೆ ತಟ್ಟಿದ್ದು ಅವಧಿ ಮುಗಿದ ಮೇಲೆಯೇ. ಹೇಗಿದ್ದರೂ ಈ ಮನೆಯ ಮೊಬೈಲ್ ಖರ್ಚು 11,092ಕ್ಕೆ ಇಳಿಯಿತು, ಉಳಿದದ್ದು 4,500.

ಒಟಿಟಿಗಳಲ್ಲಿ ಪ್ರೈಮ್ ಸುಲಭದ ತುತ್ತು. ತಿಂಗಳಿಗೆ 299ರಂತೆ ವರ್ಷಕ್ಕೆ 3,588 ಆಗುತ್ತದೆ, ಒಟ್ಟಿಗೆ ವರ್ಷಕ್ಕೆ ಕಟ್ಟಿದರೆ 1,499. ಐದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವವರಿಗೆ ವರ್ಷದ್ದೇ ಲಾಭ. ಹಾಟ್‌ಸ್ಟಾರ್ ಕೂಡ ಮೂರು ತಿಂಗಳ ಕಂತಿನಲ್ಲಿ 1,196, ವರ್ಷಕ್ಕೆ 899. ಎರಡರಿಂದ 2,386 ಉಳಿಯಿತು. ನೆಟ್‌ಫ್ಲಿಕ್ಸ್‌ಗೆ ವರ್ಷದ ರಿಯಾಯಿತಿ ಇಲ್ಲ, ಆದರೆ ಕಟ್ಟುಪಾಡೂ ಇಲ್ಲ. ರದ್ದು ಮಾಡಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು, ಬೇಕಾದಾಗ ಮತ್ತೆ ಸೇರಬಹುದು. ಮಗಳ ಪರೀಕ್ಷೆಯ ತಿಂಗಳುಗಳು, ಮನೆಮಂದಿ ಕ್ರಿಕೆಟ್‌ಗೆ ಕೂರುವ ತಿಂಗಳುಗಳು ಎಂದು ವರ್ಷದಲ್ಲಿ ಆರು ತಿಂಗಳು ಬಿಟ್ಟರೆ 2,994 ಉಳಿಯುತ್ತದೆ.

ಇನ್ನು ವೈಫೈ. 100 ಎಂಬಿಪಿಎಸ್ ಎಂದರೆ ಎಷ್ಟು? ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, 4ಕೆಗೆ 15. ಟಿವಿಯಲ್ಲಿ 4ಕೆ ಓಡುತ್ತಿರುವಾಗ ಮೂವರು ಫೋನಿನಲ್ಲಿ ಎಚ್‌ಡಿ ನೋಡಿದರೂ 30 ದಾಟದು. ಆದ್ದರಿಂದ 499ರ, 40 ಎಂಬಿಪಿಎಸ್ ಸಂಪರ್ಕ ಈ ಮನೆಗೆ ಸಾಲುತ್ತದೆ. ತೆರಿಗೆ ಸೇರಿ ತಿಂಗಳಿಗೆ 354, ವರ್ಷಕ್ಕೆ 4,248 ಉಳಿಕೆ. ದೊಡ್ಡ ಫೈಲುಗಳು ಡೌನ್‌ಲೋಡ್ ಆಗಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದಷ್ಟೇ ಕೊರತೆ. ಹಿಂದಿನ ಕೋಣೆಯಲ್ಲಿ ವಿಡಿಯೊ ನಿಂತು ನಿಂತು ಬರುತ್ತಿದ್ದರೆ ಪ್ಲಾನ್ ಏರಿಸುವ ಮುಂಚೆ ರೂಟರ್ ಪಕ್ಕದಲ್ಲಿ ನಿಂತು ಸ್ಪೀಡ್ ಅಳೆಯಿರಿ. ಅಲ್ಲಿ ಸರಿಯಾಗಿದ್ದರೆ ತೊಡಕು ನಡುವಿನ ಗೋಡೆಗಳದ್ದು. ಹೆಚ್ಚಿನ ಎಂಬಿಪಿಎಸ್ ಕೊಂಡರೂ ಗೋಡೆ ಕರಗುವುದಿಲ್ಲ, ರೂಟರ್ ಜಾಗ ಬದಲಿಸಬೇಕು.

ಇಷ್ಟಾದ ಮೇಲೆ ‘ಎಲ್ಲ ಒಟ್ಟಿಗೆ’ ಎಂಬ ಬಂಡಲ್ ಕಡೆ ನೋಡಬೇಕು, ಮುಂಚೆ ಅಲ್ಲ. ಕಾರಣ ಲೆಕ್ಕದಲ್ಲೇ ಇದೆ. 799ರ ಬದಲು 999ರ ವೈಫೈ ತೆಗೆದುಕೊಂಡರೆ ಪ್ರೈಮ್, ಹಾಟ್‌ಸ್ಟಾರ್ ಎರಡೂ ‘ಉಚಿತ’ ಎಂದು ಒಬ್ಬರು ಹೇಳಿದರು ಎಂದುಕೊಳ್ಳಿ. ಇನ್ನೂರು ರೂಪಾಯಿ ವ್ಯತ್ಯಾಸ ತೆರಿಗೆಯೊಂದಿಗೆ 236, ವರ್ಷಕ್ಕೆ 2,832. ಈ ಮನೆಯವರು ಮೊದಲು ಆ ಎರಡಕ್ಕೆ ಕಂತಿನಲ್ಲಿ ಕಟ್ಟುತ್ತಿದ್ದದ್ದು 4,784. ಅದರ ಎದುರು ಬಂಡಲ್ ಭಾರಿ ಅಗ್ಗ. ಆದರೆ ಅವನ್ನೇ ವರ್ಷದ ದರಕ್ಕೆ ಕೊಂಡರೆ 2,398. ಆಗ ಬಂಡಲ್‌ನಿಂದ 434 ರೂಪಾಯಿ ನಷ್ಟ. ಬಂಡಲ್‌ನಲ್ಲಿರುವುದು ಪ್ರೈಮ್ ಅಲ್ಲ, ವರ್ಷಕ್ಕೆ 799ರ ಪ್ರೈಮ್ ಲೈಟ್ ಎಂದಾದರೆ ನಷ್ಟ ಇನ್ನೂ ಹೆಚ್ಚು. 499ರ ವೈಫೈ ಸಾಲುವ ಮನೆಗಂತೂ ವ್ಯತ್ಯಾಸ ವರ್ಷಕ್ಕೆ 7,080.

ಮೊಬೈಲ್ ಬಂಡಲ್‌ಗೂ ಇದೇ ಒರೆಗಲ್ಲು. ಜಿಯೊದ 84 ದಿನದ 1,299ರ ಪ್ಲಾನ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ಸೇರಿದೆ. ಅದಿಲ್ಲದೆ ಅಷ್ಟೇ ಡೇಟಾ 859ಕ್ಕೆ ಸಿಗುತ್ತಿತ್ತು. ಅಂದರೆ ನೆಟ್‌ಫ್ಲಿಕ್ಸ್‌ಗಾಗಿ ತೆತ್ತದ್ದು 440. ತಿಂಗಳಿಗೆ 149ರ ಅದೇ ಪ್ಲಾನ್ ನೇರವಾಗಿ ಕೊಂಡರೆ 84 ದಿನಕ್ಕೆ ಸುಮಾರು 411. ಉಚಿತವೂ ಅಲ್ಲ, ಅಗ್ಗವೂ ಅಲ್ಲ. ಮೇಲಾಗಿ ಫೋನು, ಟ್ಯಾಬ್ಲೆಟ್‌ನಲ್ಲಿ ಮಾತ್ರ ನೋಡಬಹುದು, ಟಿವಿಯಲ್ಲಿ ಬರುವುದಿಲ್ಲ. ಬಂಡಲ್ ಗೆಲ್ಲುವುದು ಒಂದೇ ಸಂದರ್ಭದಲ್ಲಿ: ನೀವು ಹೇಗೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಒಟಿಟಿಗಳ ಅತಿ ಕಡಿಮೆ ದರ, ತೆರಿಗೆ ಸೇರಿದ ಹೆಚ್ಚುವರಿ ಹಣಕ್ಕಿಂತ ಹೆಚ್ಚಾಗಿದ್ದಾಗ. ಪಟ್ಟಿಯಲ್ಲಿರುವ, ನೀವು ತೆರೆದೂ ನೋಡದ ಉಳಿದ ಆ್ಯಪ್‌ಗಳ ಬೆಲೆ ನಿಮ್ಮ ಲೆಕ್ಕದಲ್ಲಿ ಸೊನ್ನೆ.

ಬಂಡಲ್ ಕೊಂಡವರು ಎಡವುವ ಜಾಗ ಇನ್ನೊಂದಿದೆ. ಅದರಲ್ಲಿನ ಒಟಿಟಿ ತಾನಾಗಿ ಶುರುವಾಗುವುದಿಲ್ಲ, ಕಂಪನಿಯ ಆ್ಯಪ್‌ನಲ್ಲಿ ಸಕ್ರಿಯ ಮಾಡಿಕೊಳ್ಳಬೇಕು. ಹಳೆಯ ಚಂದಾ ತಾನಾಗಿ ನಿಲ್ಲುವುದೂ ಇಲ್ಲ. ಎರಡೂ ನಡೆಯುತ್ತ ಒಂದಕ್ಕೇ ಎರಡು ಕಡೆ ದುಡ್ಡು ಹೋಗುತ್ತದೆ. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ರದ್ದಾಗದು. ಒಟಿಟಿಯ ಖಾತೆಯೊಳಗೆ ಹೋಗಿ ರದ್ದು ಮಾಡಬೇಕು, ಆಮೇಲೆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಆ ಅನುಮತಿಯನ್ನೂ ತೆಗೆಯಬೇಕು. ತಾನಾಗಿ ಹಣ ಕಡಿತವಾಗುವ ಮುನ್ನ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಸಂದೇಶ ಕಳಿಸಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಓದದೆ ಸರಿಸಿಬಿಡುವ ಆ ಸಂದೇಶದಲ್ಲೇ ನಿಲ್ಲಿಸುವ ದಾರಿಯೂ ಇರುತ್ತದೆ.

ದಾವಣಗೆರೆಯ ಮನೆಯ ವರ್ಷದ ಖರ್ಚು ಕೊನೆಗೆ 37,678ರಿಂದ 23,550ಕ್ಕೆ ಬಂತು. ಉಳಿಕೆ 14,128. ಅದರಲ್ಲಿ ಒಂದು ಪೈಸೆಯೂ ಬಂಡಲ್‌ನಿಂದ ಬಂದದ್ದಲ್ಲ. ಮುಕ್ಕಾಲು ಪಾಲು ಬಂದದ್ದು ಬಳಸದ ವೇಗ, ಮುಟ್ಟದ ಡೇಟಾ, ನೋಡದ ತಿಂಗಳುಗಳನ್ನು ಬಿಟ್ಟದ್ದರಿಂದ. ಉಳಿದದ್ದು ಕಂತಿನ ಬದಲು ದೀರ್ಘ ಅವಧಿಗೆ ಕಟ್ಟಿದ್ದರಿಂದ. ನಿಮ್ಮ ಮನೆಯಲ್ಲಿ ಮೊತ್ತ ಬೇರೆ ಬಂದೀತು. ಬಂಡಲ್ ಗೆದ್ದರೂ ಗೆದ್ದೀತು. ಆದರೆ ಬೇಡದ್ದನ್ನು ಮೊದಲು ಕಳೆದು, ಆಮೇಲೆ ಅದನ್ನು ತೂಗಿದರೆ ಮಾತ್ರ ಆ ಗೆಲುವು ನಿಜವಾದದ್ದು.