ವ್ಯಾನು ಬಂತು, ಜನ ಬರಲಿಲ್ಲ

1950ರ ದಶಕದ ಅಮೆರಿಕದಲ್ಲಿ ಕ್ಷಯ ಪತ್ತೆಗೆಂದು ಎಕ್ಸ್‌ರೇ ಯಂತ್ರ ಹೊತ್ತ ವ್ಯಾನುಗಳು ಮನೆಗಳ ಹತ್ತಿರಕ್ಕೇ ಬಂದು ನಿಲ್ಲುತ್ತಿದ್ದವು. ಪರೀಕ್ಷೆ ಪುಕ್ಕಟೆ. ಆದರೂ ಅಂದುಕೊಂಡಷ್ಟು ಜನ ಬರಲಿಲ್ಲ. ಸರ್ಕಾರಿ ಆರೋಗ್ಯ ಸೇವೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಗಾಡ್‌ಫ್ರಿ ಹಾಕ್‌ಬಾಮ್ ಮೂರು ನಗರಗಳ ಸಾವಿರಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿ 1958ರಲ್ಲಿ ವರದಿ ಕೊಟ್ಟರು. ‘ಈ ರೋಗ ನನಗೂ ಬರಬಹುದು’, ‘ಬೇಗ ಗೊತ್ತಾದರೆ ಒಳ್ಳೆಯದು’ ಎಂಬ ಎರಡನ್ನೂ ನಂಬಿದವರಲ್ಲಿ ಶೇ. 82 ಮಂದಿ ತಾವಾಗಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ಶೇ. 21 ಮಾತ್ರ.

ಈ ಹುಡುಕಾಟದಿಂದ ಬೆಳೆದದ್ದೇ ಆರೋಗ್ಯ ನಂಬಿಕೆ ಮಾದರಿ. ರೋಗ ತನಗೆ ಬರಬಹುದೇ, ಬಂದರೆ ಎಷ್ಟು ಗಂಭೀರ, ಪರೀಕ್ಷೆಯಿಂದ ಏನು ಲಾಭ, ಏನು ಅಡ್ಡಿ ಎಂದು ಮನುಷ್ಯ ಒಳಗೊಳಗೇ ತೂಗುತ್ತಾನೆ. ಆಮೇಲೆ ಯಾರದೋ ಒಂದು ಮಾತು, ಪಕ್ಕದ ಮನೆಯವರ ಕಾಯಿಲೆ ಅವನನ್ನು ಎಬ್ಬಿಸುತ್ತದೆ ಎನ್ನುವುದು ಇದರ ಸಾರ. ‘ಇದು ನನ್ನಿಂದ ಆಗುತ್ತದೆ’ ಎಂಬ ಆತ್ಮವಿಶ್ವಾಸ 1988ರಲ್ಲಿ ಸೇರಿಕೊಂಡಿತು.

ನರ್ಸಿಂಗ್ ಎಂ.ಎಸ್ಸಿ. ಪ್ರಬಂಧಗಳಲ್ಲಿ ಈ ಮಾದರಿ ಬಾಣ, ಚೌಕಗಳ ಚಿತ್ರವಾಗಿ ಮೊದಲ ಪುಟಗಳಲ್ಲೇ ಕಾಣಿಸುತ್ತದೆ. ಎಷ್ಟೋ ಸಲ ಅಲ್ಲೇ ಉಳಿದೂಬಿಡುತ್ತದೆ. ಮುಂದೆ ಪ್ರಶ್ನಾವಳಿ ತೆರೆದರೆ ‘ಗರ್ಭಕಂಠದ ಕ್ಯಾನ್ಸರಿಗೆ ಕಾರಣವೇನು?’ ಎಂಬಂಥ ತಿಳಿವಳಿಕೆಯ ಪ್ರಶ್ನೆಗಳೇ. ಕಾರಣ ಗೊತ್ತಿದ್ದೂ ‘ನನಗ್ಯಾಕೆ ಬರುತ್ತದೆ’ ಎನ್ನುವವರಿಗೆ ಕೊರತೆಯಿಲ್ಲ. ಚಿತ್ರದಲ್ಲಿ ನಂಬಿಕೆ, ಪ್ರಶ್ನೆಯಲ್ಲಿ ಜ್ಞಾನ: ಇಂಥ ಕಡೆ ಚೌಕಟ್ಟು ಬರೀ ಅಲಂಕಾರ.

ಒಂದು ಪ್ರಬಂಧವನ್ನು ಕಲ್ಪಿಸಿಕೊಳ್ಳೋಣ. ವಿಷಯ ಗರ್ಭಕಂಠದ ಕ್ಯಾನ್ಸರ್ ತಪಾಸಣೆ. ಇದನ್ನು ತರಬೇತಾದ ನರ್ಸ್ ಕೂಡ ಮಾಡಬಲ್ಲರು: ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ, ಬೆಳ್ಳಗಾಗುವ ಜಾಗವಿದೆಯೇ ಎಂದು ನೋಡುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಎಂದಾದರೂ ಈ ಕ್ಯಾನ್ಸರಿನ ತಪಾಸಣೆ ಆದವರು ಶೇ. 2ಕ್ಕೂ ಕಡಿಮೆ.

ಮೊದಲ ತೊಡಕು ಈ ಅಂಕಿಯಲ್ಲೇ ಇದೆ. ಇನ್ನೂರು ಮಹಿಳೆಯರನ್ನು ಕೇಳಿದರೆ ತಪಾಸಣೆ ಆದವರು ನಾಲ್ವರು ಸಿಕ್ಕಾರು. ನಾಲ್ವರನ್ನು ಇಟ್ಟುಕೊಂಡು ಆರು ಅಂಶಗಳ ಪ್ರಭಾವ ಬಿಡಿಸಲಾಗದು. ಅಂಶವೊಂದಕ್ಕೆ ಹತ್ತು ಮಂದಿ ಎಂಬ ಒರಟು ಲೆಕ್ಕ ಹಿಡಿದರೂ ಅರವತ್ತು ಬೇಕು. ಇನ್ನೊಂದು ತೊಡಕು: ಪರೀಕ್ಷೆ ಮುಗಿಸಿದವಳು ‘ನೋವೇನಿಲ್ಲ’ ಎನ್ನುತ್ತಾಳೆ. ಆ ನಂಬಿಕೆ ಅವಳನ್ನು ಪರೀಕ್ಷೆಗೆ ಕರೆತಂದಿತೋ, ಪರೀಕ್ಷೆಯಿಂದಲೇ ಹುಟ್ಟಿತೋ? ಹಾಕ್‌ಬಾಮ್ ಕೇಳಿದ್ದೂ ಆಗಿಹೋದ ಎಕ್ಸ್‌ರೇ ಬಗ್ಗೆಯೇ ಆದ್ದರಿಂದ ಅವರ ಅಂಕಿಗಳಿಗೂ ಈ ಸಂಶಯ ತಪ್ಪಿದ್ದಲ್ಲ.

ದಾರಿ ಇದೆ. ಮೊದಲು ಮನೆಗೆ ಹೋಗಿ ನಂಬಿಕೆಗಳನ್ನು ಬರೆದುಕೊಳ್ಳುವುದು, ಆಮೇಲೆ ಶಿಬಿರ ನಡೆಸುವುದು, ಕೊನೆಗೆ ರಿಜಿಸ್ಟರಿನಲ್ಲಿ ಯಾರು ಬಂದರೆಂದು ನೋಡುವುದು. ಆಗ ಬಂದವರ ಸಂಖ್ಯೆ ಹೆಚ್ಚಬಹುದು, ನಂಬಿಕೆ ಮೊದಲು ಎಂಬುದೂ ಖಚಿತ. ಪ್ರಶ್ನೆ ಕೇಳುವುದೇ ಒಂದು ಕರೆಯಾಗಿಬಿಡುವ ಅಪಾಯ ಮಾತ್ರ ಉಳಿಯುತ್ತದೆ. ಅದನ್ನು ಪ್ರಬಂಧದಲ್ಲಿ ಒಪ್ಪಿಕೊಳ್ಳಬೇಕು.

ಪ್ರಶ್ನೆ ಕೇಳುವ ರೀತಿಯೂ ಸಣ್ಣ ಮಾತಲ್ಲ. ‘ಮುಂದೆ ನಿಮಗೆ ಕ್ಯಾನ್ಸರ್ ಬರಬಹುದು ಅನಿಸುತ್ತದೆಯೇ?’ ಎಂದರೆ ನಮ್ಮ ಹಳ್ಳಿಯ ಹೆಂಗಸು ‘ಬಿಡ್ತು ಅನ್ನವ್ವಾ!’ ಎಂದು ತಡೆದಾಳು. ಅಪಶಕುನದ ಮಾತಿಗೆ ಅವಳು ಹೇಳುವ ‘ಇಲ್ಲ’ ನಂಬಿಕೆಯ ಅಳತೆಯಲ್ಲ. ‘ನಿಮ್ಮ ವಯಸ್ಸಿನವರಿಗೆ’ ಎಂದು ತಿರುಗಿಸಿದರೆ ಉತ್ತರ ಸಿಗುತ್ತದೆ, ಆದರೆ ಅದು ಊರವರ ಅಪಾಯದ ಬಗೆಗಿನ ಉತ್ತರ. ಪ್ರಾಯೋಗಿಕ ಅಧ್ಯಯನದಲ್ಲಿ ಎರಡನ್ನೂ ಕೇಳಿ ನೋಡದೆ ಒಂದನ್ನು ಆರಿಸುವಂತಿಲ್ಲ. ಗಂಭೀರತೆಯದು ಬೇರೆಯೇ ಕಥೆ. ಕ್ಯಾನ್ಸರ್ ಭಯಂಕರವೆಂದು ಎಲ್ಲರೂ ಒಪ್ಪಿಬಿಟ್ಟರೆ ಬಂದವರಿಗೂ ಬರದವರಿಗೂ ವ್ಯತ್ಯಾಸ ಸಿಗುವುದಿಲ್ಲ.

ಅಂಕ ಕೂಡುವಾಗ ಇನ್ನೊಂದು ಎಡವಟ್ಟು. ಲಾಭಕ್ಕೆ 22, ಅಡ್ಡಿಗೆ 8 ಕೊಟ್ಟವಳ ಮೊತ್ತ 30. ಲಾಭಕ್ಕೆ 8, ಅಡ್ಡಿಗೆ 22 ಕೊಟ್ಟವಳದೂ 30. ಒಬ್ಬಳು ಹೊರಟು ನಿಂತವಳು, ಇನ್ನೊಬ್ಬಳು ಬಾಗಿಲು ಹಾಕಿಕೊಂಡವಳು. ‘ಒಟ್ಟು ನಂಬಿಕೆ ಅಂಕ’ದಲ್ಲಿ ಇಬ್ಬರೂ ಒಂದೇ. ಆದ್ದರಿಂದ ಪ್ರತಿ ಅಂಶವನ್ನೂ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಅಡ್ಡಿಗಳ ಮೇಲೆ ಹೆಚ್ಚು ಗಮನ ಕೊಡುವುದು ಲೇಸು. 1984ರಲ್ಲಿ ಜಾನ್ಜ್ ಮತ್ತು ಬೆಕರ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಎಲ್ಲಕ್ಕಿಂತ ಬಲವಾಗಿ ಕಂಡದ್ದು ಅವೇ. ನಾಚಿಕೆ, ಒಂದು ದಿನದ ಕೂಲಿ, ಅತ್ತೆಯ ಒಪ್ಪಿಗೆ ಇವನ್ನು ಪ್ರಶ್ನಾವಳಿ ಹಿಡಿಯಬಲ್ಲದು. ಆದರೆ ಆರೋಗ್ಯ ಕೇಂದ್ರದಲ್ಲಿ ಪರದೆಯೇ ಇಲ್ಲದಿದ್ದರೆ, ತರಬೇತಾದ ನರ್ಸ್ ಅಂದು ರಜೆಯಲ್ಲಿದ್ದರೆ, ಅದು ಯಾರ ನಂಬಿಕೆಯೂ ಅಲ್ಲ, ಈ ಮಾದರಿಯ ಯಾವ ಚೌಕಕ್ಕೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಪ್ರಶ್ನಾವಳಿಯ ಜೊತೆಗೆ ಕೇಂದ್ರದ ಸೌಕರ್ಯಗಳ ಒಂದು ಪಟ್ಟಿಯನ್ನೂ ತುಂಬಿಕೊಂಡರೆ, ಬಂದು ಬರಿಗೈಲಿ ವಾಪಸಾದವಳು ‘ಬರದವರ’ ಲೆಕ್ಕಕ್ಕೆ ಸೇರುವುದು ತಪ್ಪುತ್ತದೆ.