ಕಿತ್ತಳೆ ಲೋಗೋದವರಿಗೆ ಎಚ್ಚರಿಕೆಯ ಬಣ್ಣ ಯಾವುದು?

ಸರಕು ಸಾಗಣೆಯ ಒಂದು ಕಂಪನಿ, ಅದರ ಲೋಗೋ ಅಚ್ಚ ಕಿತ್ತಳೆ ಎಂದುಕೊಳ್ಳೋಣ. ತಿಂಗಳ ಸಭೆಯ ಸ್ಲೈಡಿನಲ್ಲಿ ಶೀರ್ಷಿಕೆಯ ಪಟ್ಟಿ ಕಿತ್ತಳೆ, ಬಾರ್ ಚಾರ್ಟ್ ಕಿತ್ತಳೆ, ತಡವಾಗಿ ತಲುಪಿದ ಸರಕಿನ ಲೆಕ್ಕವೂ ಕಿತ್ತಳೆ. ಮೊದಲ ಎರಡು ಬರೀ ಅಲಂಕಾರ, ಮೂರನೆಯದು ಮಾತ್ರ ಎಚ್ಚರಿಕೆ ಎಂದು ಕೂತವರಿಗೆ ಹೇಗೆ ತಿಳಿಯಬೇಕು? ನೀಲಿ ಲೋಗೋದವರಿಗೆ ಈ ತಾಪತ್ರಯವಿಲ್ಲ. ಕೆಂಪು, ಹಳದಿ, ಕಿತ್ತಳೆಯವರು ಮಾತ್ರ ಸ್ಲೈಡಿನ ಬಣ್ಣಗಳನ್ನು ಸ್ವಲ್ಪ ಯೋಚಿಸಿಯೇ ಜೋಡಿಸಬೇಕು.

ಮೊದಲು ಲೋಗೋದ ಬಣ್ಣವನ್ನು ಸರಿಯಾಗಿ ಎತ್ತಿಕೊಳ್ಳಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ಜೆಪೆಗ್ ಚಿತ್ರದ ಮೇಲೆ ಐಡ್ರಾಪರ್ ಇಟ್ಟರೆ ಒಂದೊಂದು ಚುಕ್ಕಿಯಲ್ಲಿ ಒಂದೊಂದು ಕಿತ್ತಳೆ ಸಿಗುತ್ತದೆ, ಅಂಚಿನಲ್ಲಂತೂ ಬಣ್ಣ ಕಲಸಿಹೋಗಿರುತ್ತದೆ. ಲೋಗೋ ಮಾಡಿಕೊಟ್ಟವರ ಬಳಿ ಮೂಲ ವೆಕ್ಟರ್ ಕಡತ ಇರುತ್ತದೆ, ಅದರಲ್ಲಿರುವ ಸಂಕೇತವೇ ಪ್ರಮಾಣ. ನಮ್ಮ ಕಂಪನಿಯದು `#E8731A` ಎಂದಿಟ್ಟುಕೊಳ್ಳೋಣ.

ಈ ಕಿತ್ತಳೆಯ ಮೇಲೆ ಬಿಳಿ ಅಕ್ಷರ ಬರೆದರೆ ಎರಡರ ನಡುವಿನ ಬೆಳಕಿನ ಅನುಪಾತ ಸುಮಾರು 3 ಬರುತ್ತದೆ. ವೆಬ್ ಪುಟಗಳಿಗೆಂದು ರೂಪಿಸಿದ ಡಬ್ಲ್ಯೂಸಿಎಜಿ ಮಾನದಂಡದಲ್ಲಿ ದೊಡ್ಡ ಅಕ್ಷರಕ್ಕೆ 3 ಸಾಕು, ಸಾಮಾನ್ಯ ಅಕ್ಷರಕ್ಕೆ 4.5 ಬೇಕು. ಬೆಳಕು ತುಂಬಿದ ಕೋಣೆಯಲ್ಲಿ ಪ್ರೊಜೆಕ್ಟರ್ ಬಣ್ಣಗಳನ್ನು ಇನ್ನಷ್ಟು ತೆಳುವಾಗಿಸುವುದರಿಂದ ಸ್ಲೈಡಿಗೂ ಈ ಅಳತೆಯನ್ನೇ ಹಿಡಿಯುವುದು ಒಳ್ಳೆಯದು. ಹಾಗಾಗಿ ಲೋಗೋದ ಕಿತ್ತಳೆಯನ್ನು ದೊಡ್ಡ ಅಂಕಿಗೆ, ಬಾರ್‌ಗೆ ಉಳಿಸಿಕೊಂಡು, ಅಕ್ಷರ ಹೊರುವ ಜಾಗಕ್ಕೆ ಅದೇ ಛಾಯೆಯ ಕಡು ರೂಪ ಮಾಡಿಕೊಳ್ಳಬೇಕು. `#A84E0B` ಅಂಥದ್ದು. ಬಿಳಿಯೊಂದಿಗೆ ಅದರ ಅನುಪಾತ 5.5ರ ಮೇಲಿದೆ. ಲೋಗೋ ಪಕ್ಕದಲ್ಲಿಟ್ಟರೆ ಒಂದೇ ಮನೆಯದೆಂದು ಗೊತ್ತಾಗುತ್ತದೆ.

ಸ್ಲೈಡಿನ ಬಹುಪಾಲು ಜಾಗವನ್ನು ತುಂಬುವುದು ಇವೆರಡೂ ಅಲ್ಲ, ತಟಸ್ಥ ಬಣ್ಣಗಳು. ಬರೀ ಬೂದು ಹಾಕಿದರೆ ಕಿತ್ತಳೆಯ ಪಕ್ಕದಲ್ಲಿ ಅದು ನೀಲಿಗಟ್ಟಿದಂತೆ ಕಾಣುತ್ತದೆ. ಬೂದಿಗೆ ಚೂರೇ ಚೂರು ಕಿತ್ತಳೆ ಬೆರೆಸಿದರೆ ಎರಡೂ ಹೊಂದಿಕೊಳ್ಳುತ್ತವೆ. ಹಿನ್ನೆಲೆಗೆ `#F7F3EF`, ಅಕ್ಷರಕ್ಕೆ `#3B332D` ಇಟ್ಟರಾಯಿತು. ಎರಡನೆಯ ಒತ್ತುಬಣ್ಣವನ್ನು ವರ್ಣಚಕ್ರದ ಎದುರು ಬದಿಯಿಂದ, ಅಂದರೆ ಕಡುನೀಲಿಯಿಂದ ತರಬಹುದು.

ಇನ್ನು ಎಚ್ಚರಿಕೆ. ಹಳದಿ, ಕಿತ್ತಳೆಗಳು ಹೇಗೂ ಕೈಬಿಟ್ಟುಹೋದವು. ಉಳಿದದ್ದು ಕೆಂಪು ಎಂದು `#B00020` ಆರಿಸಿದರೆ ನಮ್ಮ ಕಣ್ಣಿಗೆ ಸರಿ ಕಾಣುತ್ತದೆ. ಆದರೆ ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ ಈ ಕೆಂಪೂ ನಮ್ಮ ಕಡು ಕಿತ್ತಳೆಯೂ ಹತ್ತಿರ ಹತ್ತಿರದ ಕಂದುಗಳು. ಅವರ ಕಣ್ಣು ನೀಲಿ-ಹಳದಿ ವ್ಯತ್ಯಾಸವನ್ನು ಚೆನ್ನಾಗಿಯೇ ಹಿಡಿಯುವುದರಿಂದ ಕೆಂಪಿಗೆ ಒಂದಿಷ್ಟು ನೀಲಿ ಬೆರೆಸುವುದೇ ಇದಕ್ಕೆ ದಾರಿ. ಹಾಗೆ ಸಿಗುವ `#A8105A` ಹೆಚ್ಚುಕಡಿಮೆ ಬೀಟ್‌ರೂಟ್ ಬಣ್ಣ. ಬಿಳಿಯ ಮೇಲೆ ಅದರ ಅನುಪಾತ 7 ದಾಟುತ್ತದೆ. ಮಾರ್ಕೆಟಿಂಗ್ ವಿಭಾಗದವರು ಇದನ್ನು ನೋಡಿ ಮೂಗು ಮುರಿಯಬಹುದು, ಆದರೆ ಚಂದಕ್ಕೆಂದು ತಂದ ಬಣ್ಣ ಇದಲ್ಲ. ಇಷ್ಟಾದರೂ ಪಕ್ಕದಲ್ಲಿ ‘ತಡ’ ಎಂಬ ಪದವೋ ತ್ರಿಕೋನದ ಚಿಹ್ನೆಯೋ ಇರಲೇಬೇಕು. ಪವರ್‌ಪಾಯಿಂಟಿನ View ಪಟ್ಟಿಯಲ್ಲಿ Grayscale ಒತ್ತಿ ನೋಡಿ. ಎಚ್ಚರಿಕೆ ಅಲ್ಲಿಯೂ ಎದ್ದು ಕಾಣದಿದ್ದರೆ ಕಪ್ಪು-ಬಿಳುಪು ಪ್ರಿಂಟಿನಲ್ಲಿ ಅದು ಮಾಯ.

ಈ ಬಣ್ಣಗಳನ್ನು ಥೀಮಿನೊಳಗೆ ಇಡುವಾಗ ಕ್ರಮವೂ ಮುಖ್ಯ. Design, Variants, Colors, Customize Colors ಎಂದು ಹೋದರೆ ಹನ್ನೆರಡು ಖಾನೆಗಳು ಸಿಗುತ್ತವೆ: ಅಕ್ಷರ ಮತ್ತು ಹಿನ್ನೆಲೆಗೆ ನಾಲ್ಕು, ಒತ್ತುಬಣ್ಣಕ್ಕೆ ಆರು, ಲಿಂಕಿಗೆ ಎರಡು. ಹೊಸ ಚಾರ್ಟ್ ಹಾಕಿದಾಗ ಪವರ್‌ಪಾಯಿಂಟ್ ತಾನಾಗಿಯೇ Accent 1ರಿಂದ ಸಾಲಾಗಿ ಬಣ್ಣ ತೆಗೆದುಕೊಳ್ಳುತ್ತದೆ. ಎಚ್ಚರಿಕೆಯನ್ನು Accent 2ರಲ್ಲಿ ಇಟ್ಟುಬಿಟ್ಟರೆ ಯಾವ ತಪ್ಪೂ ಮಾಡದ ಎರಡನೆಯ ಗೋದಾಮು ಪ್ರತಿ ಚಾರ್ಟಿನಲ್ಲೂ ಅಪರಾಧಿಯಂತೆ ನಿಲ್ಲುತ್ತದೆ. ಲೋಗೋದ ಕಿತ್ತಳೆ 1ಕ್ಕೆ, ಕಡುನೀಲಿ 2ಕ್ಕೆ, ಕಡು ಕಿತ್ತಳೆ 3ಕ್ಕೆ, ನಡುವಣ ಬೂದುಗಳು 4 ಮತ್ತು 5ಕ್ಕೆ, ಎಚ್ಚರಿಕೆ ಕೊನೆಯ 6ಕ್ಕೆ.

ಸ್ಲೈಡಿನಲ್ಲಿರುವ ಆಕೃತಿಗಳಿಗೆ ಬಣ್ಣ ಹಚ್ಚುವಾಗಲೂ ಈ ಖಾನೆಗಳಿಂದಲೇ ಆರಿಸಬೇಕು. ಐಡ್ರಾಪರಿನಿಂದ ನೇರವಾಗಿ ಹಚ್ಚಿದ್ದು ನಾಳೆ ಥೀಮ್ ಬದಲಾದರೂ ಬದಲಾಗದೆ ಹಳೆಯ ಬಣ್ಣದಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಪೈ ಚಾರ್ಟಿನಲ್ಲಿ ಒಂದು ಪೇಚು ಉಳಿದಿದೆ. ಆರು ಹೋಳುಗಳಾದರೆ ಆರನೆಯದಕ್ಕೆ ಎಚ್ಚರಿಕೆಯ ಬಣ್ಣ ತಾನಾಗಿಯೇ ಅಂಟಿಕೊಳ್ಳುತ್ತದೆ. ಸಣ್ಣ ಹೋಳುಗಳನ್ನು ‘ಇತರೆ’ ಎಂದು ಕೂಡಿಸಿ ಐದಕ್ಕೆ ಇಳಿಸಿದರೆ ಅದು ತಪ್ಪುತ್ತದೆ.